ನಾಲ್ಕರಿಂದ ಭಾಗವಾಗದ ನಾಡಿ

ನಾಗರತ್ನ ನಾಡಿ ಹಿಡಿದರೆ ನಾಡನ್ನೇ ಹಿಡಿದಂತೆ ಎಂದು ನಮ್ಮ ಬ್ಯಾಚಿನಲ್ಲಿ ಮೊದಲು ಹೇಳಿದವನು ನಾನೇ. ಅವಳು ಕುದೇರಿನವಳು, ಚಿಕ್ಕಮಲ್ಲಪ್ಪನವರ ಮಗಳು, ಎಲ್ಲ ಪರೀಕ್ಷೆಯಲ್ಲೂ ಮೊದಲು. ನಾನು ಗಿರೀಶ, ಚಾಮರಾಜನಗರದವನು, ಹಾಜರಿ ಪುಸ್ತಕದಲ್ಲಿ ಮಾತ್ರ ಅವಳಿಗಿಂತ ಮುಂದೆ. ನರ್ಸಿಂಗ್ ಕೋರ್ಸಿನ ಕೊನೆಯ ವರ್ಷ, 2006ರಲ್ಲಿ, ನಮ್ಮಿಬ್ಬರನ್ನೂ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿದ್ದ ಒಂದು ನರ್ಸಿಂಗ್ ಹೋಮಿಗೆ ತಿಂಗಳ ಡ್ಯೂಟಿಗೆ ಹಾಕಿದ್ದರು. ಹನ್ನೆರಡು ಮಂಚದ ವಾರ್ಡು. ಅದಕ್ಕೆ ಒಡತಿ ಚಂದ್ರಮತಿ ಸಿಸ್ಟರ್.

ಸಿಸ್ಟರ್ ಎದೆಯ ಮೇಲೆ ತಲೆಕೆಳಗಾಗಿ ಪಿನ್ ಮಾಡಿದ ಒಂದು ಗಡಿಯಾರವಿತ್ತು. ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಹೊರಟರೆ, ಹನ್ನೆರಡು ಮಣಿಕಟ್ಟು ಮುಟ್ಟಿ ವಾಪಸ್ಸು ಬಂದಾಗಲೂ ಲೋಟದಲ್ಲಿ ಹಬೆ ಇರುತ್ತಿತ್ತು. "ಹದಿನೈದು ಸೆಕೆಂಡು, ಇಂಟು ನಾಲ್ಕು, ಮುಂದಿನ ಮಂಚ!" ಎಂಬ ಅವರ ಮಂತ್ರವನ್ನು ಮೂಗು ಒತ್ತಿಕೊಂಡು ಅವರದೇ ದನಿಯಲ್ಲಿ ಹೇಳಿದರೆ ಅಡಿಗೆಮನೆಯ ಆಯಾ ಕೂಡ ಸೆರಗು ಸರಿಮಾಡಿಕೊಂಡು ನಿಂತುಬಿಡುತ್ತಿದ್ದಳು. ಆ ಮಂತ್ರವನ್ನೇ ನಾವೂ ಕಲಿತೆವು. ಹದಿನೈದು ಸೆಕೆಂಡಿನ ಮಿಡಿತ ಎಣಿಸು, ನಾಲ್ಕರಿಂದ ಗುಣಿಸು, ಒಂದು ನಿಮಿಷದ ಲೆಕ್ಕ ಸಿಗುತ್ತದೆ, ಚಾರ್ಟಿನಲ್ಲಿ ಬರೆ.

ಒಂದು ವಿಚಿತ್ರ ಮಾತ್ರ ನಡೆಯುತ್ತಲೇ ಇತ್ತು. ನಮ್ಮ ದಾಖಲೆ ಪುಸ್ತಕಕ್ಕಾಗಿ ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಿ ನೋಡಬೇಕಿತ್ತು. ನಾಗರತ್ನ ಎಂಬತ್ತೆಂಟು ಎಂದರೆ ನನಗೆ ಎಂಬತ್ತನಾಲ್ಕು ಸಿಗುತ್ತಿತ್ತು. ಅವಳು ಎಪ್ಪತ್ತಾರು ಎಂದರೆ ನನಗೆ ಎಪ್ಪತ್ತೆರಡು.

"ನೀನು ಕೈ ಹಿಡ್ದ ಕೂಡ್ಲೇ ಪೇಷೆಂಟ್‌ಗಳ ಎದೆ ನಾಲ್ಕು ಜಾಸ್ತಿ ಒಡ್ಕತ್ತದ ಕಣಮ್ಮಿ," ಎಂದೆ ಒಂದು ದಿನ.

"ನೀನು ಕೈ ಹಿಡ್ದ ಕೂಡ್ಲೇ ಜೀವ ಬೇಡ ಅನ್ಸಿ ನಾಲ್ಕು ಕಮ್ಮಿ ಆಯ್ತದೆ," ಎಂದಳು ಅವಳು. "ಎಣಿಸ್ತಾ ಎಣಿಸ್ತಾ ಬಾಯಲ್ಲಿ ಟಕ್ ಟಕ್ ಅಂತ ತಾಳ ಹಾಕ್ತೀಯಲ್ಲ, ಆಗ ಒಂದು ಬಿಟ್ಟೋಯ್ತದೆ. ಮೊದ್ಲು ಆ ನಾಲಿಗೆ ಕಟ್ಟು."

ಅದು ನಿಜವಿರಬಹುದು ಎಂದು ನಾನೂ ನಂಬಿದ್ದೆ. ಯಾರ ನಾಡಿ ಹಿಡಿದರೂ ಅದನ್ನು ನಾಲಿಗೆಯಲ್ಲಿ ನುಡಿಸಿ ನೋಡುವುದು ನನ್ನ ಚಟ. ಬಸ್ಸಿನ ಹಾರ್ನ್, ಪ್ರಿನ್ಸಿಪಾಲರ ಕೆಮ್ಮು, ಎಲ್ಲವೂ ನನ್ನ ನಾಲಿಗೆಗೆ ಬಂದಂತೆ ನಾಡಿಯೂ ಬಂತು. ಹಾಗಾಗಿ ಎಂಬತ್ತನಾಲ್ಕೋ ಎಂಬತ್ತೆಂಟೋ ಎಂದು ಜಗಳ ಬಂದಾಗ ಅವಳದ್ದೇ ಚಾರ್ಟಿಗೆ ಹೋಗುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ, ಎರಡೂ ಆರೋಗ್ಯದ ಲೆಕ್ಕವೇ.

ಏಳನೆಯ ಮಂಚಕ್ಕೆ ದೊಡ್ಡಮಾದಯ್ಯ ಬಂದ ಮೇಲೆ ಹಾಗಿರಲಿಲ್ಲ.

ದೊಡ್ಡಮಾದಯ್ಯನಿಗೆ ಎಪ್ಪತ್ತರ ಮೇಲೆ ವಯಸ್ಸು. ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಕಡೆ ಚೆಂಡುಹೂವಿನ ಹೊಲ. ಉಸಿರು ಕಟ್ಟಿ, ಕಾಲು ಊದಿ ಬಂದಿದ್ದ. ಹೆಂಡತಿ ಸಣ್ಣಮ್ಮ ಬೆನ್ನಿಗೆ ದಿಂಬು ಒತ್ತಿ ಹಿಡಿದು ಕೂತಿದ್ದಳು. ಮೊದಲ ದಿನ ಅವನ ನಾಡಿಗೆ ಲಯವೇ ಇರಲಿಲ್ಲ. ಎರಡು ಹೊಡೆತ ಒಟ್ಟಿಗೆ, ಆಮೇಲೆ ನಿಂತೇಹೋಯಿತೇನೋ ಎಂಬಂತೆ ಬಿಡುವು, ತಕ್ಷಣ ಮತ್ತೆ ಮೂರು. ಸಂತೆಯಲ್ಲಿ ಕುರಿ ತಪ್ಪಿಸಿಕೊಂಡಂತೆ ಓಡುತ್ತಿತ್ತು. ಚಾಮರಾಜನಗರದಿಂದ ದಿನಾ ಹನ್ನೊಂದಕ್ಕೆ ಬರುತ್ತಿದ್ದ ಡಾಕ್ಟರ್ ರಘುನಾಥ ಅವನನ್ನು ನೋಡಿ ಡಿಗಾಕ್ಸಿನ್ ಎಂಬ ಮಾತ್ರೆ ಬರೆದರು. ಹೃದಯವನ್ನು ನಿಧಾನ ಮಾಡಿ, ಒಂದೊಂದು ಹೊಡೆತವನ್ನೂ ಗಟ್ಟಿ ಮಾಡುವ ಮಾತ್ರೆ. ಹೆಚ್ಚಾದರೆ ಅದೇ ಮಾತ್ರೆ ಹೃದಯವನ್ನು ನಿಲ್ಲಿಸಲೂ ಬಲ್ಲದು. ಅದಕ್ಕೇ ಚಾರ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು: ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಮಾತ್ರೆ. ನಾಡಿ ಅರವತ್ತಕ್ಕಿಂತ ಕಡಿಮೆ ಇದ್ದರೆ ಕೊಡಬೇಡಿ, ನನಗೆ ಫೋನ್ ಮಾಡಿ.

ಮಾತ್ರೆ ಕೆಲಸ ಮಾಡಿತು. ನೂರಾ ಹನ್ನೆರಡಿದ್ದದ್ದು ತೊಂಬತ್ತಾರಾಯಿತು, ಎಂಬತ್ತಾಯಿತು, ಅರವತ್ತನಾಲ್ಕಾಯಿತು. ಕಾಲಿನ ಊತ ಇಳಿಯಿತು. ಆರನೆಯ ದಿನ ಅರವತ್ತು. ಅಷ್ಟೂ ನಾಗರತ್ನಳ ಕೈಬರಹ. ಮಣಿ ಪೋಣಿಸಿದಂತೆ ಇಳಿಯುವ ಆ ಗೆರೆಯನ್ನು ಸಿಸ್ಟರ್ ಪಾಳಿಗೆ ಬಂದ ನರ್ಸುಗಳಿಗೆಲ್ಲ ತೋರಿಸಿದರು. ನನಗೂ ಒಳಗೊಳಗೆ ಹೆಮ್ಮೆ, ನಮ್ಮ ಬ್ಯಾಚಿನ ಹುಡುಗಿ ಎಂದು.

ಅದೇ ಆರನೆಯ ದಿನ ದೊಡ್ಡಮಾದಯ್ಯ ಗೋಡೆ ನೋಡುತ್ತ ಕೇಳಿದ. "ಇದ್ಯಾಕಪ್ಪ ಸುಣ್ಣಕ್ಕ ಅರಿಶ್ನ ಕಲ್ಸಿದ್ದೀರಿ? ಗ್ವಾಡೆಲ್ಲಾ ಅಳದಿ ಕಾಣ್ತದ?"

"ಐವತ್ತು ವರ್ಷ ಚೆಂಡುಹೂವ ನೋಡ್ಬುಟ್ಟಿದ್ದೀಯಲ್ಲ ತಾತ, ಕಣ್ಣಿಗೂ ಬಣ್ಣ ಅಂಟ್ಕಂಡದೆ," ಎಂದೆ ನಾನು. ವಾರ್ಡಿಗೆ ವಾರ್ಡೇ ನಕ್ಕಿತು. ಸಣ್ಣಮ್ಮನೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವನು ಮಾತ್ರ ನಗಲಿಲ್ಲ. ಮುಂದಿಟ್ಟ ಇಡ್ಲಿಯನ್ನೂ ಮುಟ್ಟಲಿಲ್ಲ, ಹೊಟ್ಟೆ ತೊಳೆಸ್ತದ ಎಂದು ಮಗ್ಗುಲಾದ.

ಏಳನೆಯ ದಿನ ಬೆಳಿಗ್ಗೆ ಎಂಟು. ನಾಗರತ್ನ ಬಲಗೈ ಹಿಡಿದಳು. ದಾಖಲೆ ಪುಸ್ತಕಕ್ಕೆ ಬೇಕಿದ್ದದ್ದರಿಂದ ನಾನು ಎಡಗೈ ಹಿಡಿದೆ. ಸಿಸ್ಟರ್ ಪಕ್ಕದ ಮಂಚದಲ್ಲಿ ಡ್ರಿಪ್ ಬದಲಿಸುತ್ತಿದ್ದರು. ಒಂದೇ ಗಡಿಯಾರ, ಒಂದೇ ಹದಿನೈದು ಸೆಕೆಂಡು.

"ಹದಿನೈದು," ಎಂದಳು ನಾಗರತ್ನ. "ಅರವತ್ತು."

"ಹದಿನಾಲ್ಕು," ಎಂದೆ. "ಐವತ್ತಾರು."

"ಸುರುವಾಯ್ತಾ ನಿಂದು?"

ಅವಳ ಅಂಗೈಯಲ್ಲಿ ಮಾತ್ರೆ ಆಗಲೇ ಇತ್ತು. ಸಣ್ಣಮ್ಮ ನೀರಿನ ಲೋಟ ಹಿಡಿದು ನಿಂತಿದ್ದಳು. ಬೇರೆ ದಿನವಾಗಿದ್ದರೆ ನಾನು ಇನ್ನೊಂದು ಹಾಸ್ಯ ಹೊಡೆದು ಹೋಗುತ್ತಿದ್ದೆ. ಆದರೆ ಅಂದು ಅವಳ ಲೆಕ್ಕ ಕೆಂಪು ಶಾಯಿಯ ಈಚೆಗಿತ್ತು, ನನ್ನದು ಆಚೆಗೆ. ಅವಳದ್ದು ಸರಿಯಾದರೆ ಮಾತ್ರೆ ಕೊಡಬೇಕು. ನನ್ನದು ಸರಿಯಾದರೆ ಕೊಡಬಾರದು. ಮಧ್ಯೆ ಇದ್ದದ್ದು ಒಂದೇ ಒಂದು ಮಿಡಿತ.

"ನಿಲ್ಲು ನಾಗ," ಎಂದೆ. "ಕೊಡ್ಬೇಡ ಈಗಲೇ."

ಸಿಸ್ಟರ್ ತಿರುಗಿದರು. "ಏನದು ನಿಮ್ಮಿಬ್ರ ಹರಾಜು? ನಾಗರತ್ನ ಅರವತ್ತು ಅಂದ್ರೆ ಅರವತ್ತು. ಕೊಡು. ನನ್ಗೆ ಇನ್ನೂ ಐದು ಮಂಚ ಅವೆ."

"ಸಿಸ್ಟರ್, ಇವತ್ತೊಂದ್ ದಿನ ಪೂರ್ತಿ ನಿಮಿಷ ಎಣಿಸ್ಬುಡನ," ಎಂದೆ. "ಒಂದೇ ನಿಮಿಷ. ನಿಮ್ಮ ಕಾಫಿ ನಾನು ಮತ್ತೆ ಬಿಸಿ ಮಾಡ್ಕೊಡ್ತೀನಿ."

ಅದೃಷ್ಟಕ್ಕೆ ನಾಗರತ್ನಳೂ ತಲೆಯಾಡಿಸಿದಳು. ನನ್ನನ್ನು ಸೋಲಿಸಲು ಎಂದೇ ಇರಬೇಕು. ಮಾತ್ರೆಯನ್ನು ತಟ್ಟೆಯಲ್ಲಿಟ್ಟಳು. ಸಿಸ್ಟರ್ ಎದೆಯ ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದು "ಹೂಂ" ಎಂದರು.

ಅವತ್ತು ನನ್ನ ನಾಲಿಗೆ ಕಟ್ಟಿಹಾಕಿದ್ದೆ. ಬಾಯಿಗೆ ಕೆಲಸವಿಲ್ಲವಾದ್ದರಿಂದ ಕಣ್ಣು ಎದುರಿಗಿದ್ದವಳ ತುಟಿಯ ಮೇಲೆ ಹೋಯಿತು. ದನಿ ಕದಿಯುವವನಿಗೆ ತುಟಿ ಓದುವುದು ಅಭ್ಯಾಸ. ಬೆರಳಿಗೆ ಮೊದಲ ಮಿಡಿತ ತಾಗುತ್ತಲೇ ನಾಗರತ್ನ ತಲೆಯಾಡಿಸಿದಳು, ಸಿಸ್ಟರ್ ಅಲ್ಲಿಂದ ನಿಮಿಷ ಹಿಡಿದರು. ಅದೇ ಮಿಡಿತಕ್ಕೆ ಅವಳ ತುಟಿ 'ಲಾಭ' ಎಂದಿತು. ಮುಂದಿನದಕ್ಕೆ 'ಎರಡು'. ಅದೇ ಎರಡನೆಯ ಮಿಡಿತಕ್ಕೆ ನಾನು ಮನಸ್ಸಿನಲ್ಲೇ 'ಒಂದು' ಎಂದೆ.

ನಿಮಿಷ ಅಷ್ಟು ಉದ್ದ ಇರುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ.

"ಐವತ್ತೆಂಟು," ಎಂದಳು ನಾಗರತ್ನ. ಹೇಳಿದ ಮೇಲೆ ಅವಳ ಹುಬ್ಬು ಗಂಟಾಯಿತು. ಅರವತ್ತಕ್ಕಿಂತ ಕಡಿಮೆ.

"ಐವತ್ತೇಳು," ಎಂದೆ.

"ಒಂದೇ ವ್ಯತ್ಯಾಸ?" ಅವಳು ನನ್ನನ್ನು ಗುರಾಯಿಸಿದಳು. ಗುರಾಯಿಸಿದ್ದು ನನ್ನನ್ನಲ್ಲ, ಲೆಕ್ಕವನ್ನು. "ನೀನು ಬಿಟ್ಟುಬಿಡೋನಾಗಿದ್ರೆ ನಿಮಿಷದಲ್ಲಿ ನಾಲ್ಕಾದ್ರೂ ಬಿಡ್ಬೇಕಿತ್ತು. ಹದಿನೈದು ಸೆಕೆಂಡಿಗೂ ಒಂದೇ, ನಿಮಿಷಕ್ಕೂ ಒಂದೇ ಅಂದ್ರೆ..."

"ನೀನು ಎಲ್ಲಿಂದ ಎಣಿಸೋಕೆ ಸುರು ಮಾಡ್ತೀಯ?" ಎಂದು ಕೇಳಿದೆ.

"ಎಲ್ಲಿಂದ ಅಂದ್ರೆ? ಲಾಭದಿಂದ."

ಅವಳಿಗೆ ಅದೊಂದು ಪ್ರಶ್ನೆ ಎಂದೇ ಅನ್ನಿಸಿರಲಿಲ್ಲ. ಕುದೇರಿನಲ್ಲಿ ಅವಳಪ್ಪ ಕಣದಲ್ಲಿ ರಾಗಿ ಅಳೆಯುವಾಗ ಲೆಕ್ಕ ಹೇಳುತ್ತಿದ್ದವಳು ಇವಳೇ, ಆರು ವರ್ಷದವಳಿದ್ದಾಗಿನಿಂದಲೂ. ಅಲ್ಲಿ ಮೊದಲ ಸೇರನ್ನು ಯಾರೂ ಒಂದು ಎನ್ನುವುದಿಲ್ಲ. ಲಾಭ, ಎರಡು, ಮೂರು. ಸೇರು ತುಂಬಿ ಸುರಿದದ್ದರಿಂದ ಆ ಲಾಭವೂ ನಿಜವಾದ ಒಂದು ಸೇರೇ. ಅಲ್ಲಿ ಅದು ಸರಿ.

ನಾಗರತ್ನ ಕಿಟಕಿಯ ಕಡೆ ನೋಡಿದಳು. ಏನೋ ಎಣಿಸುತ್ತಿದ್ದಳು. "ಗಿರೀಶ, ಆ ಕಿಟಕಿಗೆ ಎಷ್ಟು ಸರಳು?"

"ಐದು."

"ಮಧ್ಯೆ ಸಂದು?"

"ನಾಲ್ಕು."

"ನಾನು ಸರಳು ಎಣಿಸಿದೀನಿ. ಕಾಲ ಇರೋದು ಸಂದಿನಲ್ಲಿ." ಅವಳ ದನಿ ಇಳಿಯಿತು. "ಗಡಿಯಾರ ಸುರುವಾದಾಗ ಹೊಡೆದದ್ದು ಸೊನ್ನೆ. ಆಗಿನ್ನೂ ಒಂದು ಸೆಕೆಂಡೂ ಕಳೆದಿಲ್ಲ. ನಾನು ಅದಕ್ಕೇ ಲಾಭ ಅಂತಿದ್ದೆ. ಒಂದು ಮಿಡಿತ ಸುಳ್ಳು ಲಾಭ. ಅದನ್ನ ನಾಲ್ಕರಿಂದ ಗುಣಿಸಿ ನಾಲ್ಕು ಮಾಡಿ ಬರೀತಿದ್ದೆ. ಪೂರ್ತಿ ನಿಮಿಷ ಎಣಿಸಿದ್ರೆ ಆ ಒಂದು ಒಂದಾಗಿಯೇ ಉಳೀತಿತ್ತು."

"ಅದಿರ್ಲಿ," ಎಂದರು ಸಿಸ್ಟರ್. ಅವರು ಈ ಹೊತ್ತಿಗೆ ಚಾರ್ಟನ್ನು ಎತ್ತಿಕೊಂಡು ಮೇಲಿಂದ ಕೆಳಗೆ ಬೆರಳು ಓಡಿಸುತ್ತಿದ್ದರು. ನೂರಾ ಹನ್ನೆರಡು, ತೊಂಬತ್ತಾರು, ಎಂಬತ್ತು, ಅರವತ್ತನಾಲ್ಕು, ಅರವತ್ತು. ಇಪ್ಪತ್ತೈದು ವರ್ಷ ನಾಡಿ ಹಿಡಿದ ಬೆರಳು ಅದು. "ಎಲ್ಲಾ ನಾಲ್ಕರ ಮಗ್ಗಿ. ಐವತ್ತೇಳು, ಐವತ್ತೆಂಟು ಅನ್ನೋದು ನನ್ನ ಕೈಯಲ್ಲಿ ಇವತ್ತಿನವರ್ಗೂ ಹುಟ್ಟೇ ಇಲ್ಲ ಕಣ್ರಲಾ. ಹುಟ್ಟೋಕೆ ಜಾಗವೇ ಇರ್ಲಿಲ್ಲ."

"ಮಾತ್ರ ಕೊಡಲ್ವಾ ಕೂಸೇ?" ಎಂದಳು ಸಣ್ಣಮ್ಮ ಲೋಟ ಹಿಡಿದೇ. "ದಾಕುಟ್ರು ಒಂದು ದಿನಾನೂ ತಪ್ಪಿಸ್ಬ್ಯಾಡಿ ಅಂದಿದ್ರು."

"ಇವತ್ತು ಬ್ಯಾಡ ಅವ್ವ," ಎಂದಳು ನಾಗರತ್ನ. "ಇವತ್ತು ಕೊಟ್ರೇ ತಪ್ಪು."

ಮೇಜಿನ ಹತ್ತಿರ ಹೋಗುತ್ತ ಸಿಸ್ಟರ್ ದನಿ ತಗ್ಗಿಸಿದರು. "ನೋಡು ಕೂಸೇ, ಇವತ್ತಿಂದ ಸರಿಯಾಗಿ ಬರಿ. ಹಿಂದಿನ್ದು ಬುಡು. ನಿನ್ನ ಇಂಟರ್ನಲ್ ಮಾರ್ಕು ಹಾಕೋದು ಇದೇ ಚಾರ್ಟ್ ನೋಡಿ. ಮೊದಲ್ನೇ ರ‍್ಯಾಂಕ್ ಬರೋ ಹುಡ್ಗಿ ನೀನು."

"ನಿನ್ನೇದೂ ಐವತ್ತಾರೇ ಸಿಸ್ಟರ್," ಎಂದಳು ನಾಗರತ್ನ. "ಅರವತ್ತು ಅಂತ ಬರ್ದು ನಿನ್ನೆ ಮಾತ್ರೆ ನುಂಗ್ಸಿದ್ದೀನಿ. ಡಾಕ್ಟ್ರಿಗೆ ಅದು ಗೊತ್ತಾಗ್ದೆ ತಾತನ ಹೊಟ್ಟೇಲಿ ಎಷ್ಟು ಔಷಧಿ ಕೂತದೆ ಅಂತ ಹೆಂಗೆ ಗೊತ್ತಾಗ್ಬೇಕು?"

ಅವಳು ಪೆನ್ನು ತೆಗೆದು, ತನ್ನದೇ ದುಂಡು ಅಕ್ಷರದ ಮೇಲೆ ಒಂದೊಂದೇ ಗೆರೆ ಎಳೆದಳು. ಹಳೆಯದು ಓದಲು ಸಿಗಬೇಕು, ಒರೆಸಬಾರದು, ತಿದ್ದಿ ಬರೆಯಬಾರದು, ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಸಹಿ. ಮೊದಲ ವರ್ಷದಲ್ಲೇ ಕಲಿಸಿದ್ದ ನಿಯಮ ಅದು. ಅರವತ್ತು, ಗೆರೆ, ಐವತ್ತಾರು, ನಾಗರತ್ನ. ಅರವತ್ತನಾಲ್ಕು, ಗೆರೆ, ಅರವತ್ತು, ನಾಗರತ್ನ. ಎಂಬತ್ತು, ತೊಂಬತ್ತಾರು, ನೂರಾ ಹನ್ನೆರಡು. ಮೇಲಿನವರೆಗೂ ಹೋದಳು. ಮೂರು ವರ್ಷದಲ್ಲಿ ಅವಳು ತೆಗೆದ ಯಾವ ಅಂಕಕ್ಕೂ ನಾನು ಎದ್ದು ನಿಂತಿರಲಿಲ್ಲ. ಆ ಹೊತ್ತು ನಿಂತೇ ಇದ್ದೆ, ಇನ್ನಷ್ಟು ನೆಟ್ಟಗಾದೆ.

ಫೋನಿನಲ್ಲಿ ಅವಳೇ ಮಾತಾಡಿದಳು. "ಸರ್, ಏಳನೇ ಮಂಚ ದೊಡ್ಡಮಾದಯ್ಯ. ಪೂರ್ತಿ ನಿಮಿಷ ಎಣಿಸಿದಾಗ ನಾಡಿ ಐವತ್ತೇಳು. ಮಾತ್ರೆ ಕೊಟ್ಟಿಲ್ಲ. ಇಷ್ಟು ದಿನ ನಾನು ಬರೆದ ಲೆಕ್ಕ ಎಲ್ಲಾ ನಾಲ್ಕು ಜಾಸ್ತಿ ಇದೆ ಸರ್. ತಪ್ಪು ನನ್ನದು. ನಿನ್ನೆ ಕೊಡಬಾರದಿತ್ತು, ಕೊಟ್ಟಿದ್ದೇನೆ."

ಆ ಕಡೆಯಿಂದ ಬೈಗುಳ ಬರಲಿಲ್ಲ. ಪ್ರಶ್ನೆಗಳು ಬಂದವು. ಊಟ ಮಾಡುತ್ತಿದ್ದಾನಾ? ಇಲ್ಲ. ವಾಂತಿ? ಹೊಟ್ಟೆ ತೊಳೆಸುತ್ತದೆ ಅನ್ನುತ್ತಾನೆ. ಕಣ್ಣಿಗೇನಾದರೂ? ಬಣ್ಣ ಬೇರೆ ಥರ ಕಾಣುತ್ತಾ?

ನಾಗರತ್ನ ನನ್ನ ಮುಖ ನೋಡಿದಳು. "ಗೋಡೆ ಹಳದಿ ಕಾಣುತ್ತೆ ಅಂದಿದ್ದ ಸರ್, ನಿನ್ನೆ," ಎಂದು ನಾನೇ ರಿಸೀವರಿನ ಹತ್ತಿರ ಬಾಯಿ ತಂದು ಹೇಳಿದೆ. "ನಾನು ತಮಾಷೆ ಮಾಡ್ಬುಟ್ಟೆ."

"ಲಯ ಹೇಗಿದೆ ಗಿರೀಶ್? ಮೊದಲಿನ ಹಾಗೆ ಅಡ್ಡಾದಿಡ್ಡಿ ಇದೆಯಾ?"

ನಾಲಿಗೆಯನ್ನು ಬಿಚ್ಚಿದೆ. ಮೊದಲ ದಿನದ ದೊಡ್ಡಮಾದಯ್ಯನನ್ನು ನುಡಿಸಿದೆ: ಟಕ್‌ಟಕ್, ಟಕ್, ಬಿಡುವು, ಟಕ್‌ಟಕ್‌ಟಕ್. ಆಮೇಲೆ ಇವತ್ತಿನವನನ್ನು: ಟಕ್. ಟಕ್. ಟಕ್. ಟಕ್. ಗೋಡೆ ಗಡಿಯಾರದ ಹಾಗೆ. ನುಡಿಸುತ್ತಿರುವಾಗಲೇ ವ್ಯತ್ಯಾಸ ನನ್ನ ಕಿವಿಗೆ ಬಿತ್ತು. ಕುರಿ ಓಡುವ ನಾಡಿ ಇಷ್ಟು ಶಿಸ್ತು ಕಲಿತದ್ದು ಯಾವಾಗ?

"ಸಾಕು," ಎಂದರು ಡಾಕ್ಟರ್. ದನಿ ಬದಲಾಗಿತ್ತು. "ಮಾತ್ರೆ ಮುಟ್ಟಬೇಡಿ. ಇ.ಸಿ.ಜಿ. ತೆಗೀರಿ, ರಕ್ತ ತೆಗೆದಿಡಿ, ಒಬ್ಬರು ಅವನ ಪಕ್ಕ ಬಿಟ್ಟು ಕದಲಬೇಡಿ. ಈಗಲೇ ಹೊರಟೆ."

ಹನ್ನೊಂದಕ್ಕೆ ಬರುವವರು ಒಂಬತ್ತೂವರೆಗೆ ಬಂದರು. ಇ.ಸಿ.ಜಿ. ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇಂಥ ಅಡ್ಡಾದಿಡ್ಡಿ ಹೃದಯ ಈ ಮಾತ್ರೆಯ ಮೇಲೆ ಇದ್ದಕ್ಕಿದ್ದಂತೆ ನಿಧಾನವಾಗಿ, ನೇರವಾಗಿ ನಡೆಯತೊಡಗಿದರೆ ಅದು ಗುಣವಾದದ್ದಲ್ಲ, ಔಷಧಿ ಏರಿದ ಗುರುತು ಎಂದು ನಮಗೆ ವಿವರಿಸಿದರು. ವಯಸ್ಸಾದವರ ಮೂತ್ರಪಿಂಡ ಆ ಮಾತ್ರೆಯನ್ನು ಬೇಗ ಹೊರಹಾಕುವುದಿಲ್ಲ, ದಿನದ ಮೇಲೆ ದಿನ ಮೈಯಲ್ಲೇ ಕೂಡುತ್ತದೆ. "ಇವತ್ತಿನದೂ ಒಳಗೆ ಹೋಗಿದ್ದರೆ..." ಎಂದರು. ಸಣ್ಣಮ್ಮ ಹತ್ತಿರವೇ ಇದ್ದಳು.

ಆಮೇಲೆ ಚಾರ್ಟು ತೆಗೆದರು. ಗೆರೆ ಎಳೆದ ಐದು ಸಾಲು, ಐದು ಸಹಿ. ಒಂದೊಂದನ್ನೂ ಬೆರಳಿಟ್ಟು ಓದಿದರು.

"ಅರವತ್ತರ ಗಡಿ ಬರೆದವನು ನಾನು," ಎಂದರು. "ಗಡಿಯ ಹತ್ತಿರ ನಾಲ್ಕರ ಹೆಜ್ಜೆ ಇಡಬಾರದು ಅಂತ ಬರೆಯದೆ ಹೋದವನೂ ನಾನೇ. ಹದಿನೈದು ಸೆಕೆಂಡಿನಲ್ಲಿ ಸರಿಯಾಗಿ ಎಣಿಸಿದರೂ ಒಂದು ಮಿಡಿತ ಆಚೆ ಈಚೆ ಆಗುತ್ತೆ. ನಾಡಿ ಅಡ್ಡಾದಿಡ್ಡಿ ಇದ್ದರಂತೂ ಆ ಹದಿನೈದು ಸೆಕೆಂಡು ಯಾವುದು ಸಿಕ್ಕಿತು ಅನ್ನೋದರ ಮೇಲೇ ಲೆಕ್ಕ." ಕೆಂಪು ಪೆನ್ನು ತೆಗೆದು ಮೇಲೆ ಸೇರಿಸಿದರು: ಎದೆಗೆ ಸ್ಟೆಥಾಸ್ಕೋಪ್ ಇಟ್ಟು, ಪೂರ್ತಿ ಒಂದು ನಿಮಿಷ.

"ಗುಣಿಸಿದ್ದರಿಂದ ಗುಣ ಆಗಲ್ಲ ಅಂದಂಗಾಯ್ತು ಸರ್," ಎಂದೆ ಬಾಯಿ ತಡೆಯದೆ.

ಡಾಕ್ಟರ್ ನಗಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಗಿರೀಶ್, ನಿನ್ನ ನಾಲಿಗೆಯಿಂದ ಇವತ್ತು ಒಂದು ಉಪಯೋಗ ಆಯ್ತು. ಅದನ್ನು ಮಾತಾಡಿ ಹಾಳು ಮಾಡ್ಬೇಡ," ಎಂದರು. ಅದನ್ನು ನಾನು ಇವತ್ತಿಗೂ ಪ್ರಶಸ್ತಿ ಎಂದೇ ಲೆಕ್ಕ ಹಿಡಿದಿದ್ದೇನೆ.

ಆ ದಿನವೆಲ್ಲ ನಾಗರತ್ನ ಏಳನೆಯ ಮಂಚ ಬಿಟ್ಟು ಕದಲಲಿಲ್ಲ. ಗಂಟೆಗೊಮ್ಮೆ ಎದೆಗೆ ಸ್ಟೆಥಾಸ್ಕೋಪ್ ಇಡುತ್ತಿದ್ದಳು. ಅವಳ ತುಟಿ ಈಗ ಮೊದಲ ಸದ್ದಿಗೆ 'ಸೊನ್ನೆ' ಎನ್ನುತ್ತಿತ್ತು. ಮಾತ್ರೆ ನಿಲ್ಲಿಸಿದ ಎರಡನೆಯ ದಿನ ಲಯ ಸ್ವಲ್ಪ ಕೆಟ್ಟಿತು, ಅಂದರೆ ಸುಧಾರಿಸಿತು. ಮೂರನೆಯ ದಿನ ಬೆಳಿಗ್ಗೆ ದೊಡ್ಡಮಾದಯ್ಯ ಎರಡು ಇಡ್ಲಿ ತಿಂದು ಮೂರನೆಯದನ್ನು ಕೇಳಿದ. ತಿನ್ನುತ್ತ ಗೋಡೆ ನೋಡಿದ.

"ಇದ್ಯಾವಾಗ ಸುಣ್ಣ ಒಡುದ್ರಿ? ಬೆಳ್ಳಗದೆ!"

ಯಾರೂ ನಗಲಿಲ್ಲ. ಸಣ್ಣಮ್ಮ ನಾಗರತ್ನಳ ಎರಡೂ ಕೆನ್ನೆಗೆ ಕೈ ಸವರಿ ನೆಟಿಕೆ ಮುರಿದಳು.

ಭಾನುವಾರ ಚಿಕ್ಕಮಲ್ಲಪ್ಪನವರು ಕುದೇರಿನಿಂದ ಮಗಳನ್ನು ನೋಡಲು ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹುರಿಗಾಳಿನ ಡಬ್ಬ. ನಡೆದದ್ದನ್ನು ಅವಳೇ ಹೇಳಿದಳು, ಲಾಭದ ಕತೆಯನ್ನೂ ಬಿಡದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

"ನಾನು ಹೇಳ್ಕೊಟ್ಟಿದ್ದು ಕಾಳು ಅಳೆಯೋಕೆ ಕಣವ್ವ. ಜೀವ ಅಳೆಯೋಕೆ ನನ್ಗೆ ಬರಲ್ಲ," ಎಂದರು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ತಪ್ಪಾಯ್ತು ಅಂತ ಅವ್ಳೇ ಬರ್ದು ಸೈನ್ ಹಾಕಿದ್ಲಾ? ನನ್ನ ಮಗಳು? ಯಾರೂ ಹೇಳ್ದೆ?"

"ಬ್ಯಾಡ ಅಂತ ನಾನು ಹೇಳಿದ್ದೆ," ಎಂದರು ಸಿಸ್ಟರ್ ನೇರವಾಗಿ. "ನನ್ನ ಮಾತು ಕೇಳ್ಲಿಲ್ಲ."

"ಆ ಕಾಗ್ದ ಒಂದ್ಸಲ ತೋರ‍್ಸಿ."

ರೋಗಿಯ ಚಾರ್ಟು ಹೊರಗಿನವರಿಗೆ ತೋರಿಸುವಂತಿಲ್ಲ ಎಂದು ಸಿಸ್ಟರ್ ನಿಯಮ ಹೇಳಿದರು. ಚಿಕ್ಕಮಲ್ಲಪ್ಪನವರು ತಲೆಯಾಡಿಸಿ, ಹುರಿಗಾಳಿನ ಡಬ್ಬದ ಮುಚ್ಚಳ ತೆಗೆದು ಒಂದೊಂದು ಹಿಡಿ ಎಲ್ಲರ ಕೈಗೂ ಸುರಿದರು. ಮೊದಲ ಹಿಡಿ ದೊಡ್ಡಮಾದಯ್ಯನಿಗೆ. "ಲಾಭ," ಎಂದರು ಅಭ್ಯಾಸಬಲದಿಂದ, ಮಗಳ ಕಡೆ ಕದ್ದು ನೋಡಿದರು.

"ಕಾಳಿಗೆ ಸರಿ ಅಪ್ಪಯ್ಯ," ಎಂದಳು ನಾಗರತ್ನ. "ಹಿಡಿ ತುಂಬ ಅದೆಯಲ್ಲ."

ಮಾರನೆಯ ಬೆಳಿಗ್ಗೆ ಸಿಸ್ಟರ್ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಹೊರಟರು. ಏಳನೆಯ ಮಂಚದ ಹತ್ತಿರ ನಿಂತು, ಸ್ಟೆಥಾಸ್ಕೋಪ್ ಇಟ್ಟು, ಎದೆಯ ಗಡಿಯಾರವನ್ನು ಎತ್ತಿ ಹಿಡಿದು ಒಂದು ಪೂರ್ತಿ ನಿಮಿಷ ಕದಲದೆ ಎಣಿಸಿದರು. ವಾಪಸ್ಸು ಬಂದಾಗ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅದನ್ನು ಬೆರಳಿಂದ ಸರಿಸಿ ಕುಡಿಯುತ್ತ ಚಾರ್ಟನ್ನು ನಮ್ಮ ಕಡೆ ತಳ್ಳಿದರು. ಗೆರೆ ಎಳೆದ ಸಾಲುಗಳ ಕೆಳಗೆ, ಅವರ ಕೈಬರಹದಲ್ಲಿ, ಹೊಸ ಸಂಖ್ಯೆ ಇತ್ತು.

ಎಪ್ಪತ್ತೊಂದು.

"ನಾಲ್ಕರಿಂದ ಭಾಗಿಸಿ ನೋಡಿ, ಹೋಯ್ತದಾ?" ಎಂದರು. ಆ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಎಷ್ಟೋ ಸಲ ಅನುಕರಿಸಲು ನೋಡಿದ್ದೇನೆ. ಇನ್ನೂ ಬಂದಿಲ್ಲ.